ದಿನಾಂಕದ ಸಾಲನ್ನು ಅನುವಾದ ಮಾಡಬೇಡಿ, ಬಿಡಿಸಿ ಬರೆಯಿರಿ

ನಮ್ಮ ಸಂಘದ ತಿಂಗಳ ವಾರ್ತಾಪತ್ರವನ್ನು ಹೊರದೇಶದಲ್ಲಿರುವ ಕುಟುಂಬಗಳಿಗಾಗಿ ಇಂಗ್ಲಿಷಿಗೆ ತರುವವನು ನಾನು. ಅಧ್ಯಕ್ಷರ ಮಾತಿಗೆ, ಶ್ರದ್ಧಾಂಜಲಿಗೆ ಸರಿಯಾದ ಪದ ಹುಡುಕುತ್ತಾ ರಾತ್ರಿಯೆಲ್ಲ ಕೂತಿದ್ದೇನೆ. ಆದರೆ ನಾನು ಎಡವಿದ್ದು ಅಂಕಿಗಳೇ ತುಂಬಿದ ಒಂದು ಸಾಲಿನಲ್ಲಿ. ಅಂಕಿಗೆ ಅನುವಾದ ಏಕೆ ಎಂದುಕೊಂಡು ಅದನ್ನು ಹಾಗೇ ಎತ್ತಿ ಇಟ್ಟಿದ್ದೆ.

ಕನ್ನಡದಲ್ಲಿ ಇದ್ದದ್ದು ಇಷ್ಟು: ಆನ್‌ಲೈನ್ ಸರ್ವಸದಸ್ಯರ ಸಭೆ, 05/04/2026, ಸಂಜೆ 6.30. ನಮಗಿದು ಏಪ್ರಿಲ್ 5. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ ಅಲ್ಲಿ ಬೆಳೆದ ಮಕ್ಕಳಿಗೆ ಅದು ಮೇ 4. ತಾರೀಖು 12ರ ಒಳಗಿದ್ದರೆ ಈ ಎಡವಟ್ಟು ಕಣ್ಣಿಗೂ ಬೀಳುವುದಿಲ್ಲ. ಈಗ ನಾನು ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದು ವಾರವನ್ನೂ ಸೇರಿಸುತ್ತೇನೆ: ಭಾನುವಾರ, 5 ಏಪ್ರಿಲ್ 2026. ವಾರ ಇದ್ದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಮೇ 4 ಸೋಮವಾರ, ಎರಡೂ ಹೊಂದುವುದಿಲ್ಲ. ಮೂಲದಲ್ಲೇ ವಾರ, ತಾರೀಖು ಹೊಂದದಿದ್ದರೆ ನಾನು ಊಹಿಸಿ ತಿದ್ದುವುದಿಲ್ಲ, ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಕೇಳುತ್ತೇನೆ.

ಗಂಟೆಯದು ಇನ್ನೂ ಸೂಕ್ಷ್ಮ. ಮಾರ್ಚ್ 22ರ ಸಭೆಯೂ ಭಾರತದ ಸಂಜೆ 6.30ಕ್ಕೇ ಇತ್ತು. ಆಗ ಲಂಡನ್‌ನಲ್ಲಿ ಮಧ್ಯಾಹ್ನ 1, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಎಂದು ಹಾಕಿದ್ದೆ. ಅದೇ ಸಾಲನ್ನು ಏಪ್ರಿಲ್‌ಗೂ ಎಳೆದುಕೊಂಡೆ. ನ್ಯೂಯಾರ್ಕ್ ಸರಿಯಾಗಿತ್ತು, ಏಕೆಂದರೆ ಅಮೆರಿಕ ಮಾರ್ಚ್ ಎರಡನೇ ಭಾನುವಾರವೇ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು. ಬ್ರಿಟನ್ ಮುಂದಿಡುವುದು ಕೊನೆಯ ಭಾನುವಾರ, 2026ರಲ್ಲಿ 29ಕ್ಕೆ. ಹಾಗಾಗಿ ಏಪ್ರಿಲ್ 5ಕ್ಕೆ ಲಂಡನ್‌ನಲ್ಲಿ ಮಧ್ಯಾಹ್ನ 2 ಆಗಬೇಕಿತ್ತು. ಅಲ್ಲಿನ ಹಿರಿಯರೊಬ್ಬರು ಒಂದು ಗಂಟೆಗೇ ಬಂದು, ಖಾಲಿ ಪರದೆ ನೋಡಿ, ಸಭೆ ರದ್ದಾಗಿದೆ ಎಂದುಕೊಂಡು ಹೊರಟುಹೋದರು. ಆ ಬೇಸರ ನನಗೆ ಇನ್ನೂ ಇದೆ. ಈಗ ಭಾರತೀಯ ಕಾಲಮಾನವನ್ನು ಮೊದಲು ಬರೆದು, ಉಳಿದ ಊರುಗಳ ಗಂಟೆಯನ್ನು ಆ ತಾರೀಖಿಗೇ ಹೊಸದಾಗಿ ಲೆಕ್ಕ ಹಾಕುತ್ತೇನೆ.

‘ಶನಿವಾರ ರಾತ್ರಿ 12ರೊಳಗೆ ಹೆಸರು ಕೊಡಿ’ ಎಂಬ ಮಾತೂ ಹೀಗೇ. ಶನಿವಾರ ಶುರುವಾಗುವ ರಾತ್ರಿಯೋ, ಮುಗಿಯುವ ರಾತ್ರಿಯೋ? ರಾತ್ರಿ 11.59 ಎಂದು ಬರೆದರೆ ಸಂಶಯವೇ ಇರುವುದಿಲ್ಲ.

ಇನ್ನು ಫೋನ್ ನಂಬರು. ಸ್ಥಿರ ದೂರವಾಣಿಯ ಎಸ್‌ಟಿಡಿ ಕೋಡಿನ ಮುಂದಿರುವ ಸೊನ್ನೆ ದೇಶದೊಳಗಿನ ಕರೆಗೆ ಮಾತ್ರ. ಅದನ್ನು ಬಿಡದೆ ಮುಂದೆ +91 ಅಂಟಿಸಿದರೆ ಹೊರಗಿನಿಂದ ಕರೆ ಹೋಗುವುದಿಲ್ಲ. ಕನ್ನಡ ಅಂಕಿಯಲ್ಲಿ ಅಚ್ಚಾದ ನಂಬರಿನಲ್ಲಿ ೬ ಮತ್ತು ೯ ಅದಲುಬದಲಾಗುವುದೂ ಉಂಟು. ನಂಬರನ್ನು ಮೂಲದ ಜೊತೆ ಕಣ್ಣಲ್ಲಿ ಹೋಲಿಸಿದರೆ ಸಾಲದು, ಕಣ್ಣು ತನಗೆ ಗೊತ್ತಿರುವುದನ್ನೇ ಓದಿಬಿಡುತ್ತದೆ. ಸಿದ್ಧವಾದ ಇಂಗ್ಲಿಷ್ ಪುಟವನ್ನು ವಿದೇಶದಲ್ಲಿರುವ ಒಬ್ಬ ಸದಸ್ಯರಿಗೆ ಮೊದಲೇ ಕಳಿಸಿ, ಅದರಲ್ಲಿರುವ ನಂಬರನ್ನೇ ಒತ್ತಿ ಕರೆ ಮಾಡಲು ಹೇಳುತ್ತೇನೆ. ಈ ಕಡೆ ಕಾರ್ಯದರ್ಶಿಗಳು ಫೋನ್ ಎತ್ತಿದ ಮೇಲೆಯೇ ಪತ್ರ ಎಲ್ಲರಿಗೂ ಹೋಗುತ್ತದೆ.