ಎರಡು ಸಕ್ಕರೆ ಷೇರು, ಒಂದೇ ಮಳೆ

“ಹಣವನ್ನು ಎರಡು ಕಂಪನಿಗಳಿಗೆ ಸಮನಾಗಿ ಹಂಚಿದರೆ ಅಪಾಯ ಅರ್ಧಕ್ಕೆ ಇಳಿಯುತ್ತದೆ.”

ಹೂಡಿಕೆಯ ಬಗೆಗಿನ ಲೇಖನವೊಂದರ ಈ ಮಾತನ್ನು ಒಪ್ಪಲಾರೆ. ಮುಧೋಳದಲ್ಲಿ ಕುಳಿತು ಎರಡು ಸಕ್ಕರೆ ಕಂಪನಿಗಳ ಷೇರು ಕೊಂಡವನು ನಾನು. ಮಳೆ, ಕಬ್ಬಿನ ದರ, ಎಥೆನಾಲ್ ದರ ಎರಡಕ್ಕೂ ಒಂದೇ. ಬಿದ್ದಾಗ ಎರಡೂ ಜೊತೆಯಾಗಿಯೇ ಬಿದ್ದವು.

ಲೆಕ್ಕ ಹಾಕಿ ನೋಡಿ. ಒಂದರ ನಿರೀಕ್ಷಿತ ಪ್ರತಿಫಲ ಶೇ 14, ಆ ಪ್ರತಿಫಲದ ಏರಿಳಿತವನ್ನು ಅಳೆಯುವ ಮಾನಕ ವಿಚಲನೆ ಶೇ 30. ಇನ್ನೊಂದರದು ಶೇ 10 ಮತ್ತು ಶೇ 20 ಎಂದುಕೊಳ್ಳಿ. ಅರ್ಧರ್ಧ ಹಾಕಿದರೆ ಪ್ರತಿಫಲ ಶೇ 12. ಎರಡೂ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ ಎಷ್ಟೇ ಇರಲಿ, ಈ ಪ್ರತಿಫಲ ಕದಲುವುದಿಲ್ಲ. ಕದಲುವುದು ವಿಚಲನೆ. ಸಹಸಂಬಂಧ 1 ಆದರೆ ಅದು ಶೇ 25, ಅಂದರೆ ಬರಿಯ ಸರಾಸರಿ. 0.9 ಆದರೆ ಶೇ 24.4, ನನ್ನ ಸಕ್ಕರೆ ಜೋಡಿಯ ಕಥೆ ಹೆಚ್ಚುಕಡಿಮೆ ಇದೇ. ಎರಡನೆಯದು ಔಷಧ ಕಂಪನಿಯಾಗಿದ್ದು ಸಹಸಂಬಂಧ 0.1 ಇದ್ದಿದ್ದರೆ ಶೇ 18.8 ಆಗುತ್ತಿತ್ತು. ಈ ಸಮಪಾಲಿನಲ್ಲಿ ಸಹಸಂಬಂಧ 0.25ಕ್ಕಿಂತ ಕಡಿಮೆ ಇದ್ದರಷ್ಟೇ ಜೋಡಿಯು ಶಾಂತವಾದ ಷೇರಿಗಿಂತಲೂ ಶಾಂತವಾಗುತ್ತದೆ.

ಲೇಖಕರು ಬಿಟ್ಟ ಇನ್ನೊಂದು ಮಾತಿದೆ: ಸಹಸಂಬಂಧ ಸ್ಥಿರವಲ್ಲ. 2020ರ ಮಾರ್ಚ್‌ನಲ್ಲಿ ಸಂಬಂಧವೇ ಇಲ್ಲದ ವಲಯಗಳ ಷೇರುಗಳೂ ಒಟ್ಟಿಗೆ ಕುಸಿದವು. ನೆಮ್ಮದಿಯ ವರ್ಷಗಳ ಅಂಕಿಯನ್ನಷ್ಟೇ ಈ ಲೆಕ್ಕಕ್ಕೆ ಹಾಕಿದರೆ ಅಪಾಯ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.