ಪ್ರಾಪರ್ಟೀಸ್‌ನಾಗ 128 ಜಿಬಿ ತೋರ್ಸಿದ್ರ ಅದು 128 ಜಿಬಿ ಅಲ್ರಿ

ಇವತ್ತ ಸೂಪರ್ ಮಾರ್ಕೆಟ್ ಕಡೆ ಒಂದ್ ಅಂಗಡ್ಯಾಗ ನಿಂತಿದ್ದೆ. ಕಾಲೇಜ್ ಹುಡುಗ ಒಬ್ಬ 128 ಜಿಬಿ ಪೆನ್‌ಡ್ರೈವ್ ಹಿಡ್ಕೊಂಡು "ಅಣ್ಣಾ ಇದು ಒರಿಜಿನಲ್ ಅದ ಇಲ್ಲೋ" ಅಂತ ಕೇಳ್ದ, ಅಂಗಡಿಯವ ಲ್ಯಾಪ್‌ಟಾಪ್‌ಗೆ ಹಾಕಿ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದು "ನೋಡಪಾ, 117 ಜಿಬಿ ತೋರ್ಸ್ಲತ್ತದ, ಇನ್ನೇನ್ ಬೇಕು" ಅಂದ. ಹುಡುಗ ರೊಕ್ಕ ಕೊಟ್ಟು ಹೋದ. ನನಗ ಅಲ್ಲೇ ಸಿಟ್ಟು ನೆತ್ತಿಗೇರ್ತು. ದಿನಾ ಕಂಪ್ಯೂಟರ್ ಮುಂದೇ ಕೂಡೋನು ನಾ, ನಿಮಗೆಲ್ಲ ಗೊತ್ತದ, ಈ ಪ್ರಾಪರ್ಟೀಸ್ ನಂಬಿ ಮನಿ ಮಂದಿ ಹ್ಯಾಂಗ ಅಳ್ತಾರಂತ ಕಣ್ಣಾರೆ ನೋಡೀನಿ.

ಮೊದ್ಲು ಒಂದು ಮಾತು ತಿಳ್ಕೋರಿ. 128 ಜಿಬಿದು 117 ತೋರ್ಸೋದು ಮೋಸ ಅಲ್ಲ. ಕಂಪನಿಯವ್ರು 1 ಜಿಬಿ ಅಂದ್ರ 100 ಕೋಟಿ ಬೈಟ್ ಅಂತ ಲೆಕ್ಕ ಹಾಕ್ತಾರ, ವಿಂಡೋಸ್ ಅದಕ್ಕಿಂತ ಸ್ವಲ್ಪ ದೊಡ್ಡ ಅಳತಿ ಇಟ್ಕೊಂಡು ಅಳೀತದ, ಹಂಗಾಗಿ 119ರ ಆಸುಪಾಸು ಇಲ್ಲಾ ಇನ್ನೊಂದೆರಡು ಕಮ್ಮಿ ಬರ್ತದ. ಅದರ ಬಗ್ಗಿ ಜಗಳ ತೆಗೀಬ್ಯಾಡ್ರಿ. ಜಗಳ ಇರೋದು ಬ್ಯಾರೆ ಕಡೆ.

ಪೆನ್‌ಡ್ರೈವ್ ಒಳಗ ಎರಡು ಚಿಪ್ ಕೆಲಸ ಇರ್ತದ್ರಿ. ಒಂದು ಡೇಟಾ ಇಡೋ ಮೆಮೊರಿ, ಇನ್ನೊಂದು ಕಂಟ್ರೋಲರ್. "ನನ್ನತ್ರ ಎಷ್ಟು ಜಾಗ ಅದ" ಅಂತ ಕಂಪ್ಯೂಟರ್‌ಗೆ ಹೇಳೋದು ಈ ಕಂಟ್ರೋಲರ್. ಖೊಟ್ಟಿ ಮಾಲ್ ಮಾಡೋರು 8 ಜಿಬಿ ಮೆಮೊರಿ ಹಾಕಿ, ಕಂಟ್ರೋಲರ್ ಒಳಗಿನ ಪ್ರೋಗ್ರಾಂ, ಅಂದ್ರ ಫರ್ಮ್‌ವೇರ್, ತಿದ್ದಿ "128 ಅದ ಅಂತ ಹೇಳು" ಅಂತ ಬರದು ಬಿಡ್ತಾರ. ವಿಂಡೋಸ್ ಪಾಪ ಅದು ಹೇಳಿದ್ದನ್ನೇ ತೋರ್ಸ್ತದ. ಮೊಬೈಲ್‌ಗೆ ಓಟಿಜಿ ಹಾಕಿ ನೋಡಿದ್ರೂ ಅದೇ ಸುಳ್ಳು, ಫಾರ್ಮ್ಯಾಟ್ ಮಾಡಿ ನೋಡಿದ್ರೂ ಅದೇ ಸುಳ್ಳು. ಕಳ್ಳನ್ನೇ ಕರ್ದು ನೀ ಕಳ್ಳ ಏನಪಾ ಅಂತ ಕೇಳ್ದಂಗ ಆಯ್ತು.

ಭಾಳ ಹೊಟ್ಟಿ ಉರಿಯೋದು ಯಾವುದಂದ್ರ, 8 ಜಿಬಿ ತುಂಬಿದ ಮ್ಯಾಲೂ ಕಾಪಿ ನಿಲ್ಲಂಗಿಲ್ಲ, ಒಂದೂ ಎರರ್ ಬರಂಗಿಲ್ಲ. ಕಂಟ್ರೋಲರ್ "ಆಯ್ತು ಬರ್ಕೊಂಡೆ" ಅಂತದ, ಆದ್ರ ಬರ್ಕೊಂಡಿರಂಗಿಲ್ಲ. ಕೆಲವ್ರಾಗ ಮುಂದಿಂದು ಹಂಗೇ ಹಾಳಾಗಿ ಹೋಗ್ತದ, ಕೆಲವ್ರಾಗ ತಿರುಗಿ ಹಳೇ ಫೈಲ್ ಮ್ಯಾಲೇ ಬರೀತದ. ಫೈಲ್ ಹೆಸರು, ಸೈಜ್ ಇವೆಲ್ಲ ಇರೋ ಪಟ್ಟಿ ಸಾಮಾನ್ಯವಾಗಿ ಡ್ರೈವ್‌ನ ಶುರುವಿನ ಜಾಗದಾಗೇ ಇರ್ತದ, ಅದು ಉಳೀತದ. ಹಂಗಾಗಿ ತೆಗೆದು ನೋಡಿದ್ರ ಎಲ್ಲಾ ಇದ್ದಂಗೇ ಕಾಣ್ತದ.

ಹೋದ ಸೀಜನ್‌ದಾಗ ಸೇಡಂ ಕಡೆ ಕಾಕಾ ಒಬ್ರು ಮಗಳ ಮದ್ವಿ ಪೆನ್‌ಡ್ರೈವ್ ತಂದಿದ್ರು. ಎಲ್ಲಾ ಸೇರಿ 43 ಜಿಬಿ. ಅರಿಶಿನದ ಫೋಲ್ಡರ್ ಚಂದ ತೆರೀತು. ಸುರಗಿ ಫೋಲ್ಡರ್‌ನಾಗ ಅರ್ಧ ಫೋಟೋ ಬಂದ್ವು, ಒಂದ್ ಫೋಟೋದಾಗ ಮುತ್ತೈದೆಯರ ಮುಖದ ತನಕ ಅದ, ಅದರ ಕೆಳಗ ಬರೀ ಬೂದಿ ಬಣ್ಣ. ಅದರ ಮುಂದಿಂದು ಒಂದೂ ತೆರೀಲಿಲ್ಲ. ಅಕ್ಕಿಕಾಳಿನ ವಿಡಿಯೋ ಹೆಸರು ಅದ, 11 ಜಿಬಿ ಅಂತ ಸೈಜ್ ಅದ, ವಿಎಲ್‌ಸಿನಾಗ ಹಾಕಿದ್ರ ಏನೂ ಇಲ್ಲ. "ವೈರಸ್ ಬಿದ್ದದೇನಪಾ, ರಿಕವರಿ ಮಾಡು, ಎಷ್ಟಾದ್ರೂ ಕೊಡ್ತೀನಿ" ಅಂದ್ರು ಕಾಕಾ. ಬರ್ದೇ ಇಲ್ಲದ್ದನ್ನ ಎಲ್ಲಿಂದ ತರ್ಲಿ ಹೇಳ್ರಿ? ಇಂಥದಕ್ಕ ಯಾವ ರಿಕವರಿ ಸಾಫ್ಟ್‌ವೇರೂ ನಡೆಯಂಗಿಲ್ಲ, ನಡಿಸ್ತೀನಂತ ಮುಂಗಡ ಕೇಳೋರಿಗಿ ಒಂದ್ ರೂಪಾಯಿ ಕೊಡಬ್ಯಾಡ್ರಿ. ಫೋಟೋಗ್ರಾಫರ್ ಅಷ್ಟೊತ್ತಿಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಿ ಇನ್ನೊಂದ್ ಮದ್ವಿಗಿ ಹೋಗಿದ್ದ.

ಮತ್ತ ಹ್ಯಾಂಗ ಗೊತ್ತಾಗ್ಬೇಕು? ಖಾತ್ರಿ ದಾರಿ ಅಂದ್ರ ಇದು: ಪೂರ್ತಿ ತುಂಬಿಸಿ, ತುಂಬಿಸಿದ್ದನ್ನ ವಾಪಸ್ ಓದಿ ತಾಳೆ ನೋಡೋದು. ಅಂಗಡ್ಯಾಗ ಒಂದ್ ಸಿನಿಮಾ ಹಾಕಿ ಪ್ಲೇ ಮಾಡಿ ತೋರ್ಸ್ತಾರಲ್ಲ, ಅದು 8 ಜಿಬಿ ಒಳಗೇ ಕೂಡ್ತದ, ಅದರಿಂದ ಏನೂ ಸಾಬೀತ್ ಆಗಂಗಿಲ್ಲ.

ವಿಂಡೋಸ್‌ಗೆ H2testw ಅಂತ ಪುಕ್ಕಟೆ ಸಾಫ್ಟ್‌ವೇರ್ ಅದ, ಇನ್‌ಸ್ಟಾಲ್ ಬ್ಯಾಡ, ಜಿಪ್ ಬಿಚ್ಚಿದ್ರ ನಡೀತದ. ಡ್ರೈವ್ ಖಾಲಿ ಇರ್ಬೇಕು, ಒಳಗೇನರ ಇದ್ರ ಮೊದ್ಲು ಕಂಪ್ಯೂಟರ್‌ಗೆ ಕಾಪಿ ಮಾಡಿ ಫಾರ್ಮ್ಯಾಟ್ ಹೊಡೀರಿ. ಆಮ್ಯಾಲ ಇಂಗ್ಲಿಷ್ ಆರಿಸಿ, Select target ಒತ್ತಿ ಪೆನ್‌ಡ್ರೈವ್ ತೋರ್ಸಿ, all available space ಇಟ್ಟು, Write + Verify ಒತ್ರಿ. ಅದು 1 ಜಿಬಿ ಒಂದೊಂದು ಫೈಲ್ ಮಾಡ್ಕೋತ ಕೊನೀ ತನಕ ತುಂಬಿಸ್ತದ, ಆಮ್ಯಾಲ ಒಂದೊಂದೇ ಓದಿ ನೋಡ್ತದ. ಎಲ್ಲಾ ಸರಿ ಇದ್ರ Test finished without errors ಅಂತ ಬರ್ತದ. ಕಾಕಾನ ಡ್ರೈವ್‌ಗೆ ಬಂದಿದ್ದು The media is likely to be defective, ಅದರ ಕೆಳಗ 7.3 GByte OK, ಉಳಿದ ಸುಮಾರು 110 ಜಿಬಿ DATA LOST. ಅರಿಶಿನ ಪೂರ್ತಿ, ಸುರಗಿ ಅರ್ಧ, ಎರಡೂ ಸೇರಿದ್ರ ಅಷ್ಟೇ ಆಗಿತ್ತು ಲೆಕ್ಕ. ಟೆಸ್ಟ್ ಮುಗದ ಮ್ಯಾಲ ಆ .h2w ಫೈಲ್ ಅಳಿಸ್ರಿ. ಲಿನಕ್ಸ್, ಮ್ಯಾಕ್ ಇದ್ದೋರಿಗಿ F3 ಅದ, `f3write` ಮುಂದ ಡ್ರೈವ್‌ನ ಫೋಲ್ಡರ್ ಪಾತ್ ಬರದು ಕೊಡ್ರಿ, ಅದು ಆದ ಮ್ಯಾಲ ಡ್ರೈವ್ ತೆಗೆದು ಮತ್ತ ಹಾಕಿ `f3read` ಮುಂದನೂ ಹಂಗೇ ಪಾತ್ ಬರದು ಕೊಡ್ರಿ, ಕೆಲಸ ಅದೇ.

"ಅಷ್ಟೊತ್ತು ಯಾರ್ ಕೂಡ್ತಾರಪಾ" ಅಂತೀರಿ, ಗೊತ್ತದ. ಸೆಕೆಂಡಿಗೆ 8 ಎಂಬಿ ಬರಿಯೋ ಡ್ರೈವ್ ಆದ್ರ 128 ಜಿಬಿ ತುಂಬಲಿಕ್ಕೇ ನಾಲ್ಕು ತಾಸಿನ ಮ್ಯಾಲ ಬೇಕು, ಓದೋದು ಬ್ಯಾರೆ. ಆದ್ರ ನೀವ್ಯಾಕ ಕೂಡ್ಬೇಕ್ರಿ, ರಾತ್ರಿ ಹಚ್ಚಿ ಮಲಗ್ರಿ, ಲ್ಯಾಪ್‌ಟಾಪ್ ಸ್ಲೀಪ್ ಹೋಗ್ಲಾರದಂಗ ಸೆಟ್ಟಿಂಗ್ ಮಾಡ್ರಿ, ಮುಂಜಾನಿ ನೋಡ್ರಿ. ಮಗಳ ಮದ್ವಿ ಇನ್ನೊಮ್ಮೆ ಮಾಡ್ಲಿಕ್ಕ ಬರ್ತದೇನು?

ಅದೇ ಟೆಸ್ಟ್‌ನಾಗ ಸ್ಪೀಡೂ ಬರ್ತದ, Writing speed, Reading speed ಅಂತ ಎರಡು ಸಾಲು. ಮ್ಯಾಲ ಯುಎಸ್‌ಬಿ 3.0 ಅಂತ ಬರದು, ಮೂತಿ ಒಳಗ ನೀಲಿ ಪ್ಲಾಸ್ಟಿಕ್ ಹಾಕಿ ಮಾರ್ತಾರ, ನೀಲಿ ಬಣ್ಣ ನಂಬಬ್ಯಾಡ್ರಿ. ಬೆಳಕಿಗಿ ಹಿಡಿದು ಒಳಗ ನೋಡ್ರಿ: ಖರೇ 3.0 ಇದ್ರ ಮುಂದ ನಾಲ್ಕು ಚಪ್ಪಟಿ ಪಿನ್, ಹಿಂದ ಸಣ್ಣವು ಐದು, ಒಟ್ಟು ಒಂಬತ್ತು ಕಾಣ್ತಾವ. ನಾಲ್ಕೇ ಇದ್ರ ಅದು 2.0. ಕಂಪ್ಯೂಟರ್‌ನ 3.0 ಪೋರ್ಟ್‌ಗೇ ಹಾಕಿ ಓದಿಸಿದಾಗ ಸೆಕೆಂಡಿಗೆ 40 ಎಂಬಿ ದಾಟಲೇ ಇಲ್ಲಂದ್ರ ಸಂಶಯ ಪಡ್ರಿ. ಬರಿಯೋ ಸ್ಪೀಡ್ ಕಮ್ಮಿ ಇದ್ದ ಮಾತ್ರಕ್ಕ ಖೊಟ್ಟಿ ಅನ್ನಬ್ಯಾಡ್ರಿ, ಒಳ್ಳೆ ಕಂಪನಿಯ ಅಗ್ಗದ 3.0 ಡ್ರೈವೂ ನಿಧಾನ ಬರೀತಾವ.

"ಅಗ್ಗಕ್ಕ ಸಿಕ್ಕದ, ಟ್ರ್ಯಾಕ್ಟರ್‌ನಾಗ ಹಾಡು ಹಚ್ಲಿಕ್ಕ ಸಾಕು" ಅನ್ನೋರೂ ಇದ್ದಾರ. ಹಾಡಿಗಿ ಸಾಕ್ರಿ, ಆದ್ರ ಅದೇ ಡ್ರೈವ್ ನಾಳೆ ಮನಿಯಾಗ ಮಕ್ಕಳ ಕೈಗೆ ಹೋಗಿ ಪ್ರಾಜೆಕ್ಟ್ ರಿಪೋರ್ಟ್ ತುಂಬ್ತದ, ಪ್ರಾಪರ್ಟೀಸ್‌ನಾಗ 117 ತೋರ್ಸ್ತದಲ್ಲ, ಅವಕ್ಕೇನು ಗೊತ್ತು. ಇಟ್ಕೊಳ್ಳೋದೇ ಆದ್ರ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೇ ಪಾರ್ಟಿಷನ್ ಅಳಿಸಿ 7000 ಎಂಬಿದು ಒಂದೇ ಮಾಡ್ರಿ, ಮತ್ತ ಟೆಸ್ಟ್ ಹಚ್ರಿ, ಪಾಸಾದ್ರ ಹಾಡಿಗಷ್ಟೇ ಇಡ್ರಿ.

ಆನ್‌ಲೈನ್ ತಗೊಂಡೋರು ರಿಟರ್ನ್ ದಿನ ಮುಗಿಯೋದರೊಳಗ ಟೆಸ್ಟ್ ಮುಗಿಸ್ರಿ, ಆ DATA LOST ಸಾಲು ಕಾಣೋ ಸ್ಕ್ರೀನ್‌ಶಾಟ್ ಇಟ್ಕೋರಿ, ಅಂಗಡ್ಯಾಗ ತಗೊಂಡೋರು ಬಿಲ್ ಇಲ್ಲದ ಹೊರಗ ಬರಬ್ಯಾಡ್ರಿ. ಫೋಟೋಗ್ರಾಫರ್ ತಮ್ಮಂದ್ರೇ, ನಿಮಗ ಕೈ ಮುಗದು ಕೇಳ್ತೀನಿ, ಡ್ರೈವ್ ಟೆಸ್ಟ್ ಮಾಡಿ, ಡೇಟಾ ಹಾಕಿ, ಒಮ್ಮೆ ತೆಗೆದು ಮತ್ತ ಹಾಕಿ ಕೊನೀ ಫೋಲ್ಡರ್‌ನ ಕೊನೀ ವಿಡಿಯೋ ಓಡಿಸಿ ನೋಡೋ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬ್ಯಾಡ್ರಿ. ಯಾರಿಗರ ಸಂಶಯ ಇದ್ರ ಸಂಜಿಕಿ ತಂದು ನನ್ನತ್ರ ಇಟ್ಟು ಹೋಗ್ರಿ, ಮುಂಜಾನಿ ಬಂದು ರಿಸಲ್ಟ್ ಸಮೇತ ಒಯ್ಯಿರಿ, ರೊಕ್ಕ ಬ್ಯಾಡ.