ಮೊದಲ ಸಾಲಿನ ಗೋಳು

ಫೋನ್ ಬ್ಯಾಟರಿ ಬಗ್ಗೆ ಇಡೀ ಪೋಸ್ಟ್ ಅರ್ಧ ಗಂಟೆಯಲ್ಲಿ ಮುಗಿಯಿತು, ಮೊದಲ ಸಾಲಿಗೆ ಮಾತ್ರ ಎರಡು ಗಂಟೆ! ‘ಇಂದಿನ ಯುಗದಲ್ಲಿ ಮೊಬೈಲ್...’ ಅಂತ ಶುರು ಮಾಡಿದರೆ ‘ಇನ್ನಷ್ಟು ಓದಿ’ ಬರುವಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತದೆ. ‘ಈ ತಪ್ಪು ನೀವೂ ಮಾಡ್ತಿದ್ದೀರಾ? ಬೆಚ್ಚಿಬೀಳ್ತೀರಿ!’ ಅಂತ ಬರೆದರೆ ನನಗೇ ನಾಚಿಕೆ. ಅದನ್ನು ಕಿತ್ತು ಹಲ್ಲುಜ್ಜುವ ಪೋಸ್ಟಿಗೆ ಅಂಟಿಸಿದರೂ ನಡೆಯುತ್ತದೆ, ಅಲ್ವಾ? ಅಲ್ಲೇ ಗೊತ್ತಾಗುತ್ತದೆ ಅದು ಗಾಳ ಅಂತ. ಕೊನೆಗೆ ಐದನೇ ಪ್ಯಾರಾದಲ್ಲಿ ಸುಮ್ನೆ ಬಿದ್ದಿದ್ದ ಸಾಲನ್ನೇ ಮೇಲೆ ತಂದೆ: ‘ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವ ಫೋನಿಗೆ ದೊಡ್ಡ ಶತ್ರು ಬಿಸಿ.’ ಉತ್ತರ ಮೊದಲೇ ಹೇಳಿಬಿಟ್ಟರೆ ಮುಂದೆ ಯಾರು ಓದುತ್ತಾರೆ ಅನ್ನೋ ಭಯ ನನಗೂ ಇತ್ತು, ಆದರೆ ‘ಯಾಕೆ?’ ಅನ್ನೋದು ಇನ್ನೂ ಉಳಿದಿದೆಯಲ್ಲ. ಇಷ್ಟು ಹೊತ್ತು ಆ ಸಾಲು ಅಲ್ಲೇ ಇತ್ತು ಮಾರಾಯ್ರೇ!